‘ಇವಾನ್ ಇಲಿಚ್‌ನ ಸಾವು’, ಮೂರನೆಯ ಅಧ್ಯಾಯ: ಏಣಿಯಿಂದ ಜಾರಿದ್ದು ಯಾಕೆ ದೃಶ್ಯವಾಗಲಿಲ್ಲ?

ಕರಡುಪ್ರತಿ

ಟಾಲ್‌ಸ್ಟಾಯ್ ಅವರ ಈ ಕಿರುಕಾದಂಬರಿಯಲ್ಲಿ ಹನ್ನೆರಡು ಅಧ್ಯಾಯಗಳಿವೆ. ನನ್ನನ್ನು ಬಿಡದೆ ಕಾಡುತ್ತಿರುವುದು ಮೂರನೆಯದು. ನ್ಯಾಯಾಲಯದ ಅಧಿಕಾರಿ ಇವಾನ್ ಇಲಿಚ್‌ನನ್ನು ಕೊನೆಗೆ ಕೊಲ್ಲುವ ಕಾಯಿಲೆಗೆ ಮೂಲವೆನ್ನಿಸುವ, ಇಡೀ ಕಥೆಯನ್ನು ತಿರುಗಿಸುವ ಘಟನೆ ನಡೆಯುವುದು ಅಲ್ಲೇ. ಪೀಟರ್ಸ್‌ಬರ್ಗ್‌ನ ಹೊಸ ಮನೆಯಲ್ಲಿ ಪರದೆಯನ್ನು ಹೇಗೆ ಇಳಿಬಿಡಬೇಕೆಂದು ಕೆಲಸದವನಿಗೆ ತೋರಿಸಲು ಇವಾನ್ ಇಲಿಚ್ ಏಣಿ ಹತ್ತುತ್ತಾನೆ. ಕಾಲು ಜಾರುತ್ತದೆ. ಗಟ್ಟಿಮುಟ್ಟಾದ ಮನುಷ್ಯನಾದ್ದರಿಂದ ಹೇಗೋ ಹಿಡಿದುಕೊಳ್ಳುತ್ತಾನೆ, ಪಕ್ಕೆ ಮಾತ್ರ ಕಿಟಕಿ ಚೌಕಟ್ಟಿನ ಹಿಡಿಗೆ ಬಡಿಯುತ್ತದೆ. ಸ್ವಲ್ಪ ನೋವಾಯಿತು, ಬೇಗ ಹೋಯಿತು.

ಅಷ್ಟೇ. ಒಂದೆರಡು ವಾಕ್ಯದಲ್ಲಿ ಮುಗಿಯಿತು. ಅದರ ಹಿಂದೆ ಗೋಡೆಕಾಗದ, ಪೀಠೋಪಕರಣ. ಅದರ ಮುಂದೆ ಕೆಲಸ ಅಕ್ಟೋಬರ್‌ವರೆಗೆ ಎಳೆಯಿತೆಂಬ ವಿವರ. ಪೆಟ್ಟು ಬಿದ್ದ ಕೋಣೆಯಲ್ಲಿ ಬೆಳಕು ಹೇಗಿತ್ತು, ಕೆಲಸದವನು ಏನೆಂದ, ಏಣಿ ಯಾವ ಕಡೆ ವಾಲಿತು, ಯಾವುದೂ ಇಲ್ಲ.

ಮುಖ್ಯವಾದದ್ದನ್ನು ದೃಶ್ಯವಾಗಿ ತೋರಿಸು, ಮುಖ್ಯವಲ್ಲದ್ದನ್ನು ಸಂಗ್ರಹವಾಗಿ ಹೇಳಿ ಮುಗಿಸು ಎಂದು ಬರೆಯುವವರಿಗೆಲ್ಲ ಹೇಳಿಕೊಡುತ್ತಾರೆ. ಇಲ್ಲಿ ಅದು ಪೂರ್ತಿ ತಲೆಕೆಳಗಾಗಿದೆ. ಹಾಗಿದ್ದೂ ಅಧ್ಯಾಯ ಕೆಲಸ ಮಾಡುತ್ತದೆ. ಹೇಗೆ ಎಂಬುದು ನನ್ನ ಪ್ರಶ್ನೆ. ಕಾದಂಬರಿಯ ತತ್ತ್ವ, ಸಾವಿನ ಅರ್ಥ ಇವೆಲ್ಲ ಸದ್ಯಕ್ಕೆ ಬೇಡ. ಈ ಒಂದು ಅಧ್ಯಾಯದ ನಡಿಗೆಯನ್ನಷ್ಟೇ ನೋಡೋಣ.

ಓದುಮನೆ

ಉತ್ತರ ಸರಳವಿದೆ ಎನ್ನಿಸುತ್ತದೆ. ಸಂಗ್ರಹ ಅಂದರೆ ವೇಗ, ದೃಶ್ಯ ಅಂದರೆ ನಿಧಾನ, ನಡುವಿನ ಕಾಲವನ್ನು ಹೇಳದೆಯೇ ಬಿಟ್ಟು ಮುಂದೆ ಹೋಗುವ ಜಿಗಿತ ಅಂದರೆ ಇನ್ನೂ ವೇಗ. ಟಾಲ್‌ಸ್ಟಾಯ್ ಅವರಿಗೆ ಸಾಯುವ ಭಾಗ ಬರೆಯಬೇಕಿತ್ತು, ಬದುಕಿನ ಭಾಗ ಬೇಗ ಮುಗಿಯಬೇಕಿತ್ತು. ಎರಡನೆಯ ಅಧ್ಯಾಯದಲ್ಲಿ ಹುಟ್ಟಿನಿಂದ ಮದುವೆಯಾಗಿ ಹದಿನೇಳು ವರ್ಷದವರೆಗೆ ಓಡಿಸಿದರು, ಮೂರನೆಯದರಲ್ಲಿ ಅದೇ ಓಟ ಮುಂದುವರಿಯಿತು. ಏಣಿಯ ಪ್ರಸಂಗ ಆ ಓಟದಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಹನ್ನೆರಡನೆಯ ಅಧ್ಯಾಯದಲ್ಲಿ ಮೂರು ದಿನಗಳ ಚೀರಾಟಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರಲ್ಲ. ಅಲ್ಲಿ ನಿಧಾನವಾಗಲು ಇಲ್ಲಿ ಓಡಿದ್ದಾರೆ.

ಪುಟಗುರುತು

ಓದುಮನೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಕಾದಂಬರಿ ಮುಂದೆ ಹೋದಂತೆ ಕಾಲದ ಅಗಲ ಕಿರಿದಾಗುತ್ತ ಬರುತ್ತದೆ: ದಶಕಗಳು, ತಿಂಗಳುಗಳು, ದಿನಗಳು, ಕೊನೆಗೆ ಗಂಟೆಗಳು. ಆದರೆ ಮೂರನೆಯ ಅಧ್ಯಾಯ ಒಂದೇ ವೇಗದಲ್ಲಿ ಓಡುವುದಿಲ್ಲ. ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಅಂಚಿನಲ್ಲಿ ಅಲ್ಲಿ ಎಷ್ಟು ಕಾಲ ಕಳೆಯಿತು ಎಂದು ಬರೆಯುತ್ತ ಹೋಗಿ. ಚಿತ್ರ ಬೇರೆಯೇ ಬರುತ್ತದೆ.

ಮೊದಲ ವಾಕ್ಯವೇ ಹದಿನೇಳು ವರ್ಷವನ್ನು ಹಿಂದಕ್ಕೆ ಹಾಕುತ್ತದೆ. ಆಮೇಲೆ 1880. ವಿಶ್ವವಿದ್ಯಾಲಯವಿರುವ ಊರಿನ ಮುಖ್ಯ ನ್ಯಾಯಾಧೀಶನ ಹುದ್ದೆ ತನಗೇ ಎಂದುಕೊಂಡಿದ್ದಾಗ ಹಾಪ್ಪೆ ಎಂಬವನು ಅದನ್ನು ಹೊಡೆದುಕೊಂಡ. ಸಂಬಳ ಸಾಲುತ್ತಿಲ್ಲ, ಎಲ್ಲರೂ ಮರೆತಿದ್ದಾರೆ. ಬೇಸಿಗೆಯಲ್ಲಿ ರಜೆ ಹಾಕಿ ಹೆಂಡತಿಯ ಸಹೋದರನ ಹಳ್ಳಿಮನೆಗೆ ಹೋಗುತ್ತಾನೆ. ಇಲ್ಲಿಯವರೆಗೆ ತಿಂಗಳುಗಟ್ಟಲೆ ಕಾಲ ಸಾಲುಗಳಲ್ಲಿ ಮುಗಿಯುತ್ತದೆ. ನಂತರ ಒಂದು ರಾತ್ರಿ ನಿದ್ದೆ ಬಾರದೆ ಜಗಲಿಯಲ್ಲಿ ಅತ್ತಿತ್ತ ತಿರುಗುತ್ತಾನೆ. ಕಾಲ ಮೊದಲ ಬಾರಿಗೆ ಒಂದೇ ರಾತ್ರಿಗೆ ಇಳಿಯುವುದು ಅಲ್ಲಿ. ಮರುದಿನವೇ ಐದು ಸಾವಿರ ರೂಬಲ್ ಸಂಬಳದ ಹುದ್ದೆ ಹುಡುಕಿಕೊಂಡು ರೈಲು ಹತ್ತುತ್ತಾನೆ.

ಕುರ್ಸ್ಕ್ ನಿಲ್ದಾಣದಲ್ಲಿ ಪರಿಚಯದವನೊಬ್ಬ ಮೊದಲ ದರ್ಜೆಯ ಡಬ್ಬಿಗೆ ಹತ್ತಿ ಪಕ್ಕದಲ್ಲಿ ಕೂರುತ್ತಾನೆ. ಕುರ್ಸ್ಕ್‌ನ ಗವರ್ನರಿಗೆ ಈಗಷ್ಟೇ ಬಂದ ತಂತಿಯ ಸುದ್ದಿ ಹೇಳುತ್ತಾನೆ: ಸಚಿವಾಲಯದಲ್ಲಿ ಬದಲಾವಣೆ, ಇವರ ಜಾಗಕ್ಕೆ ಅವರು. ಊರಿನ ಹೆಸರಿದೆ, ಡಬ್ಬಿಯ ದರ್ಜೆಯಿದೆ, ಪಕ್ಕದ ಸೀಟಿದೆ. ಬಹುತೇಕ ದೃಶ್ಯವೇ, ಮಾತು ಮಾತ್ರ ಕೇಳಿಸುವುದಿಲ್ಲ. ಆಮೇಲೆ ಮಾಸ್ಕೋದಲ್ಲಿ ಸುದ್ದಿ ಖಚಿತವಾಯಿತು, ಪೀಟರ್ಸ್‌ಬರ್ಗ್‌ನಲ್ಲಿ ಹಳೆಯ ಗೆಳೆಯ ಮಾತು ಕೊಟ್ಟ. ತಕ್ಷಣ ಜಿಗಿತ: ಒಂದು ವಾರದ ನಂತರ ಹೆಂಡತಿಗೆ ತಂತಿ. ಆ ತಂತಿಯ ಒಕ್ಕಣೆಯನ್ನು ಮಾತ್ರ ಟಾಲ್‌ಸ್ಟಾಯ್ ಪೂರ್ತಿ ಕೊಡುತ್ತಾರೆ.

ಇದನ್ನು ಸಾಲಾಗಿ ನೋಡಿದರೆ ವೇಗವನ್ನು ನಿರ್ಧರಿಸುತ್ತಿರುವವನು ಯಾರು ಎಂಬುದು ಕಾಣುತ್ತದೆ. ಇವಾನ್ ಇಲಿಚ್‌ಗೆ ಯಾವುದು ರುಚಿಸುತ್ತದೋ ಅಲ್ಲಿ ಕಾಲ ನಿಲ್ಲುತ್ತದೆ. ಯಾವುದು ಅವನಿಗೆ ಕಿರಿಕಿರಿಯೋ, ಯಾವುದನ್ನು ಅವನು ಗಮನಿಸುವುದೇ ಇಲ್ಲವೋ, ಅದು ಸಂಗ್ರಹದಲ್ಲಿ ಸರಿದುಹೋಗುತ್ತದೆ. ಬಡ್ತಿಯ ಸುದ್ದಿ ಕೇಳಿದ ರೈಲಿನ ಸೀಟು ಅವನಿಗೆ ಸಾಯುವವರೆಗೂ ನೆನಪಿರುವಂಥದ್ದು. ಏಣಿ ಅವನ ಲೆಕ್ಕದಲ್ಲಿ ಪರದೆ ಕೆಲಸದ ಒಂದು ಸಣ್ಣ ತಕರಾರು. ನಿರೂಪಕ ಅವನ ಲೆಕ್ಕದ ಪುಸ್ತಕವನ್ನೇ ಓದಿ ಹೇಳುತ್ತಿದ್ದಾನೆ. ಆದ್ದರಿಂದ ಸಂಗ್ರಹ ಅಂದರೆ ಮುಖ್ಯವಲ್ಲದ್ದು ಎಂದಲ್ಲ, ಈ ಮನುಷ್ಯ ಮುಖ್ಯ ಎಂದುಕೊಳ್ಳದೆ ಇದ್ದದ್ದು ಎಂದು.

ರಾತ್ರಿಪಾಳಿ

ನಾನು ಆಸ್ಪತ್ರೆಯಲ್ಲಿ ನರ್ಸ್. ಪ್ರಶ್ನೆ ಏಣಿಯ ಪೆಟ್ಟಿನ ಬಗ್ಗೆ ಇರುವುದರಿಂದ ಒಂದು ಮಾತು ಹೇಳಬೇಕು. ಪಕ್ಕೆಗೆ ಹೀಗೆ ಬಿದ್ದ ಪೆಟ್ಟಿನಿಂದ ತಿಂಗಳುಗಳ ಮೇಲೆ ಮನುಷ್ಯ ಅಷ್ಟು ನರಳಿ ಸಾಯುತ್ತಾನೆ ಎಂಬುದನ್ನು ಸುಲಭವಾಗಿ ಒಪ್ಪಲಾಗುವುದಿಲ್ಲ. ಬಾಯಲ್ಲಿ ವಿಚಿತ್ರ ರುಚಿ, ಎಡಗಡೆ ಒಂಥರಾ ಭಾರ, ಇಳಿಯುತ್ತ ಹೋಗುವ ದೇಹ, ಕೊನೆಗೆ ಮಾರ್ಫಿನ್‌ಗೂ ಬಗ್ಗದ ನೋವು. ಒಳಗೆ ಯಾವುದೋ ಗಡ್ಡೆ ಬೆಳೆಯುತ್ತಿತ್ತು ಎನ್ನಿಸುತ್ತದೆ. ನಾವು ವಾರ್ಡಿನಲ್ಲಿ ಇದನ್ನು ದಿನವೂ ಕಾಣುತ್ತೇವೆ: ಕಾಯಿಲೆ ಹೊರಬಿದ್ದ ಮೇಲೆ ಮನೆಯವರು ಹಿಂದಕ್ಕೆ ಹೋಗಿ ಒಂದು ಬಿದ್ದದ್ದನ್ನೋ ಬಡಿದದ್ದನ್ನೋ ಹುಡುಕಿ ತರುತ್ತಾರೆ. “ಅವತ್ತು ಬಾತ್‌ರೂಮಿನಲ್ಲಿ ಜಾರಿದ್ದರು ಸಿಸ್ಟರ್, ಅಲ್ಲಿಂದಲೇ ಶುರು” ಎನ್ನುತ್ತಾರೆ. ಹಾಗಾಗಿ ಏಣಿಯನ್ನು ಕಥೆಯ ದೊಡ್ಡ ಘಟನೆ ಎಂದು ಕರೆಯುವುದೇ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಕರಡುಪ್ರತಿ

ಸಿಸ್ಟರ್, ನಾನು ಕೇಳಿದ್ದು ವೈದ್ಯಕೀಯವಾಗಿ ಅಲ್ಲ, ಬರವಣಿಗೆಯಲ್ಲಿ ಅದನ್ನು ಇಟ್ಟ ಜಾಗದ ಬಗ್ಗೆ.

ಪುಟಗುರುತು

ಇರಲಿ, ಅವರ ಮಾತನ್ನು ಹಾಗೆ ಬದಿಗಿಡಬೇಡಿ. ಅದು ನೇರವಾಗಿ ನಿಮ್ಮ ಪ್ರಶ್ನೆಗೇ ಬಂದು ಮುಟ್ಟುತ್ತದೆ. ಮುಂದಿನ ಅಧ್ಯಾಯದಲ್ಲಿ ವೈದ್ಯರೂ ಒಪ್ಪಂದಕ್ಕೆ ಬರುವುದಿಲ್ಲ, ಮೂತ್ರಪಿಂಡವೋ ಕರುಳಿನ ತುದಿಯೋ ಎಂದು ತೂಗುತ್ತಲೇ ಇರುತ್ತಾರೆ. ಏಣಿಯಿಂದಲೇ ಕಾಯಿಲೆ ಬಂತು ಎಂದು ನಿರೂಪಕ ಎಲ್ಲಿಯೂ ತೀರ್ಪು ಕೊಟ್ಟಿಲ್ಲ. ಮುಂದೆ ಇವಾನ್ ಇಲಿಚ್ ತಾನೇ ಆ ಗಂಟು ಹಾಕುತ್ತಾನೆ, ಆದರೆ ಅವನಿಗಿಂತ ಮೊದಲೇ ಹಾಕಿದವರು ನಾವು. ಎಲ್ಲಿ ಹಾಕಿದೆವು?

ಮೂರನೆಯ ಅಧ್ಯಾಯದ ಕೊನೆಯ ಸಾಲು ಏನು ಹೇಳುತ್ತದೆ ನೋಡಿ. ಅವರು ಹೀಗೆಯೇ ಬಾಳುತ್ತಿದ್ದರು, ಎಲ್ಲವೂ ಬದಲಾವಣೆಯಿಲ್ಲದೆ ಸಾಗುತ್ತಿತ್ತು, ಎಲ್ಲವೂ ಬಹಳ ಚೆನ್ನಾಗಿತ್ತು. ನಾಲ್ಕನೆಯದರ ಮೊದಲ ಸಾಲು: ಎಲ್ಲರೂ ಆರೋಗ್ಯವಾಗಿದ್ದರು, ಬಾಯಲ್ಲಿ ಏನೋ ರುಚಿ, ಎಡಗಡೆ ಏನೋ ಮುಜುಗರ ಎಂದು ಇವಾನ್ ಇಲಿಚ್ ಆಗಾಗ ಹೇಳುತ್ತಿದ್ದುದನ್ನು ಅನಾರೋಗ್ಯ ಎನ್ನಲಾಗದು. ಎರಡರ ನಡುವೆ ಖಾಲಿ ಜಾಗ. ಪೆಟ್ಟಿನಿಂದ ಮುಜುಗರದವರೆಗೆ ಎಷ್ಟು ವಾರ ಕಳೆಯಿತು, ಮೊದಲ ಸಲ ಅನ್ನಿಸಿದ್ದು ಯಾವ ದಿನ, ಏನೂ ಇಲ್ಲ. ಆ ಜಿಗಿತವನ್ನು ಓದುಗರು ಏಣಿಯಿಂದ ತುಂಬುತ್ತಾರೆ. ಯಾಕೆಂದರೆ ಕೈಯಲ್ಲಿರುವುದು ಅದೊಂದೇ.

ಸಿಸ್ಟರ್ ಹೇಳಿದ ಮನೆಯವರ ಹಾಗೆಯೇ ನಾವೂ ಹಿಂದಕ್ಕೆ ಹೋಗಿ ಹುಡುಕುತ್ತೇವೆ. ಏಣಿಯ ಪ್ರಸಂಗವನ್ನು ಎರಡು ಪುಟದ ದೃಶ್ಯ ಮಾಡಿದ್ದರೆ ಈ ಹುಡುಕಾಟಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಓದುತ್ತಿದ್ದಾಗಲೇ “ಇದೇ ಅವನನ್ನು ಕೊಲ್ಲುವುದು” ಎಂದು ಗುರುತು ಹಾಕಿಕೊಂಡು ಕಾಯುತ್ತ ಕೂರುತ್ತಿದ್ದೆವು. ಅದೂ ಅಲ್ಲದೆ ಅವನು ಸಾಯುತ್ತಾನೆ ಎಂಬುದು ಮೊದಲ ಅಧ್ಯಾಯದಿಂದಲೇ ಗೊತ್ತು. ಓದುಗರು ಕಾರಣಕ್ಕಾಗಿ ಹೊಂಚು ಹಾಕಿಯೇ ಕೂತಿರುತ್ತಾರೆ. ಹಾಗೆ ಕೂತವರ ಕಣ್ಣ ಮುಂದೆಯೇ ಅದನ್ನು ಪರದೆ, ಕುರ್ಚಿಗಳ ನಡುವೆ ದಾಟಿಸಿಬಿಟ್ಟಿದ್ದಾರೆ.

ರಾತ್ರಿಪಾಳಿ

ಹೀಗೆ ಹೇಳಿದರೆ ಒಪ್ಪುತ್ತೇನೆ. ಆದರೂ ನನ್ನ ಓದಿನಲ್ಲಿ ಏಣಿ ಕಾರಣವಲ್ಲ.

ಹಳೆಯ ಉಪನ್ಯಾಸಕ

ಪುಟಗುರುತು ಅವರ “ಇವಾನ್‌ನ ಲೆಕ್ಕದ ಪುಸ್ತಕ” ಎಂಬ ವಾದ ಚೆನ್ನಾಗಿದೆ, ಆದರೆ ಅಧ್ಯಾಯ ಅದಕ್ಕೆ ಪೂರ್ತಿ ಬಗ್ಗುವುದಿಲ್ಲ. ಮನೆ ಸಿದ್ಧವಾದ ಮೇಲೆ ಎಲ್ಲರ ಕಣ್ಣಿಗೂ ಅದು ಅದ್ಭುತ ಎನ್ನಿಸಿತು ಎಂದು ಹೇಳಿ, ಮುಂದಿನ ಉಸಿರಿನಲ್ಲೇ ನಿರೂಪಕ ಮಧ್ಯೆ ಬರುತ್ತಾನೆ. ನಿಜಕ್ಕೂ ಅದು ಸಿರಿವಂತರಲ್ಲದೆ ಸಿರಿವಂತರಂತೆ ಕಾಣಲು ಹೊರಟ ಎಲ್ಲರ ಮನೆಯಲ್ಲೂ ಇರುವಂಥದ್ದೇ, ಹಾಗಾಗಿ ಅವರೆಲ್ಲ ಒಬ್ಬರಂತೆ ಒಬ್ಬರಿರುತ್ತಾರೆ ಎನ್ನುತ್ತಾನೆ. ರೇಷ್ಮೆ ಬಟ್ಟೆ, ಕಪ್ಪು ಮರ, ಹೂಕುಂಡ, ರತ್ನಗಂಬಳಿ, ಕಂಚಿನ ಸಾಮಾನು ಎಂದು ಪಟ್ಟಿ ಕೊಡುತ್ತಾನೆ. ಅಲ್ಲಿ ಕಥೆಯ ಗಡಿಯಾರ ಪೂರ್ತಿ ನಿಂತಿದೆ. ಸಂಗ್ರಹವೂ ಅಲ್ಲ, ದೃಶ್ಯವೂ ಅಲ್ಲ, ಜಿಗಿತವೂ ಅಲ್ಲ. ಆ ಮಾತು ಇವಾನ್‌ನದಲ್ಲ, ಅವನು ಅದನ್ನು ಕೇಳಿದರೆ ನೊಂದುಕೊಳ್ಳುತ್ತಿದ್ದ. ಅಂದಮೇಲೆ ವೇಗದ ಲಗಾಮು ಯಾವಾಗಲೂ ಅವನ ಕೈಯಲ್ಲಿದೆ ಎನ್ನುವುದು ಹೇಗೆ?

ಎರಡನೆಯ ಅಧ್ಯಾಯದಲ್ಲೂ ಇದೇ ಅನುಮಾನ ಬರುತ್ತದೆ. ಮಕ್ಕಳ ಸಾವು ಒಂದು ವಾಕ್ಯದ ತುಂಡಿನಲ್ಲಿ ಮುಗಿಯುತ್ತದೆ. ಅದು ತಂದೆಯ ಕಲ್ಲುಮನಸ್ಸೋ, ಅಥವಾ ಆ ಕಾಲದ ಮನೆಗಳಲ್ಲಿ ಶಿಶುಮರಣವನ್ನು ಹಾಗೆ ಹೇಳಿ ಮುಂದೆ ಹೋಗುವುದೇ ರೂಢಿಯಾಗಿತ್ತೋ? ಬರೀ ವೇಗ ನೋಡಿ ಪಾತ್ರದ ಮನಸ್ಸನ್ನು ಓದುವುದು ಅಪಾಯ.

ಪುಟಗುರುತು

ಸರ್, ಆ ನಿಲುಗಡೆ ನನ್ನ ವಾದಕ್ಕೆ ಹೊರಗೆ ಉಳಿಯುತ್ತದೆ, ನಿಜ. ಆದರೆ ಅದು ಎಲ್ಲಿ ಬಂದಿದೆ ನೋಡಿ. ಮೊದಲು ಏಣಿ. ಆಮೇಲೆ ತಾನು ಹದಿನೈದು ವರ್ಷ ಚಿಕ್ಕವನಾದಂತೆ ಅನ್ನಿಸುತ್ತಿದೆ ಎಂಬ ಅವನ ಕಾಗದ. ಸೆಪ್ಟೆಂಬರ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಅಕ್ಟೋಬರ್ ಮಧ್ಯದವರೆಗೆ ಎಳೆದದ್ದು. ಅದಾದ ಮೇಲೆ ಈ ದೀರ್ಘ ನಿಲುಗಡೆ. ಪೆಟ್ಟಿಗೂ ಅದರ ಮುಂದಿನ ಉಲ್ಲೇಖಕ್ಕೂ ನಡುವೆ ನಿರೂಪಕ ಸಾಮಾನುಗಳನ್ನು ಪೇರಿಸಿಟ್ಟಿದ್ದಾನೆ. ಓದುವವರ ಗಮನ ಏಣಿಯಿಂದ ಪೂರ್ತಿ ಕಳಚಿ ಆ ಮನೆಯ ಢಂಬಾಚಾರದ ಮೇಲೆ ನಿಂತಾಗ ಚಹಾದ ಹೊತ್ತು ಬರುತ್ತದೆ.

ಅಧ್ಯಾಯದ ಕೀಲಿಯಿರುವುದು ಈ ಚಹಾದಲ್ಲಿ. ನಿಲ್ದಾಣಕ್ಕೆ ಹೋಗಿ ಹೆಂಡತಿ ಮಕ್ಕಳನ್ನು ಕರೆತರುತ್ತಾನೆ. ದೀಪ ಹಚ್ಚಿದ ಮನೆ, ಬಿಳಿ ಟೈ ಕಟ್ಟಿದ ಆಳು ಬಾಗಿಲು ತೆರೆಯುತ್ತಾನೆ, ಅವರು ಒಂದೊಂದು ಕೋಣೆಗೂ ಹೋಗಿ ಉದ್ಗಾರ ತೆಗೆಯುತ್ತಾರೆ. ಸಂಜೆ ಚಹಾ ಕುಡಿಯುತ್ತ ಹೆಂಡತಿ ಪ್ರಸ್ಕೋವ್ಯಾ ಫ್ಯೊದೊರೊವ್ನಾ ಬೇರೆ ಮಾತುಗಳ ಜೊತೆಗೆ ಬಿದ್ದದ್ದು ಹೇಗೆ ಎಂದು ಕೇಳುತ್ತಾಳೆ. ಅವನು ನಗುತ್ತಾನೆ, ತಾನು ಹಾರಿಬಿದ್ದದ್ದನ್ನೂ ಕೆಲಸದವನು ಹೆದರಿದ್ದನ್ನೂ ಅಭಿನಯಿಸಿ ತೋರಿಸುತ್ತಾನೆ. ನಾನು ಅಂಗಸಾಧನೆ ಮಾಡಿದವನಾದ್ದರಿಂದ ಬಚಾವಾದೆ, ಬೇರೆಯವನಾಗಿದ್ದರೆ ಸತ್ತೇ ಹೋಗುತ್ತಿದ್ದ, ನನಗೆ ಇಲ್ಲಿ ಸ್ವಲ್ಪ ತಾಗಿತು, ಮುಟ್ಟಿದರೆ ನೋವು, ಅದೂ ಹೋಗುತ್ತಿದೆ, ಬರೀ ಬಾವು ಎನ್ನುತ್ತಾನೆ.

ಇಡೀ ಅಧ್ಯಾಯದಲ್ಲಿ ಅವನ ದನಿ ನಮಗೆ ಇಷ್ಟು ಹೊತ್ತು ನೇರವಾಗಿ ಕೇಳಿಸುವುದು ಇಲ್ಲಿ ಮಾತ್ರ. ನಡೆದಾಗ ಸಂಗ್ರಹವಾಗಿದ್ದ ಘಟನೆ ನೆನಪಿಸಿಕೊಂಡಾಗ ದೃಶ್ಯವಾಗಿದೆ. ಬಿದ್ದದ್ದಕ್ಕೆ ಸಿಗದ ಜಾಗ ಬಿದ್ದದ್ದರ ತಮಾಷೆಗೆ ಸಿಕ್ಕಿದೆ. ಇನ್ನೊಂದು ಸೂಕ್ಷ್ಮ ಇದೆ. ಮೊದಲು “ನೋವು ಬೇಗ ಹೋಯಿತು” ಎಂದಿತ್ತು. ಚಹಾದ ಹೊತ್ತಿಗೆ, ವಾರಗಳ ಮೇಲೆ, “ಮುಟ್ಟಿದರೆ ನೋವು, ಹೋಗುತ್ತಿದೆ” ಎಂದಾಗಿದೆ. ಹೋದದ್ದು ಮತ್ತೆ ಹೋಗುತ್ತಿದೆ ಎಂದರೆ ಪೂರ್ತಿ ಹೋಗಿಯೇ ಇಲ್ಲ. ಎರಡು ವಾಕ್ಯಗಳ ನಡುವಿನ ಈ ವ್ಯತ್ಯಾಸವನ್ನು ನಿರೂಪಕ ಎತ್ತಿ ತೋರಿಸುವುದಿಲ್ಲ.

ಓದುಮನೆ

ಚಹಾದ ಭಾಗ ದೃಶ್ಯ ಹೌದು, ಆದರೆ ಅದೂ ನಾಲ್ಕೈದು ಸಾಲು. ಅದಾದ ಮೇಲೆ ಮತ್ತೆ ಓಟವೇ ಅಲ್ಲವೇ? ಅಧ್ಯಾಯದ ಕೊನೆಯ ಭಾಗದಲ್ಲಿ ಎಷ್ಟೋ ವರ್ಷ ಕಳೆದಂತೆ ನನಗೆ ಅನ್ನಿಸಿತು.

ಪುಟಗುರುತು

ಅನ್ನಿಸಿದ್ದು ಸರಿ, ಅನ್ನಿಸಬೇಕು ಎಂದೇ ಹಾಗೆ ಬರೆದಿದೆ. ಈಗ ದಿನಾಂಕ ಹಿಡಿದು ನೋಡಿ. ಮನೆ ಸಿದ್ಧವಾದದ್ದು 1880ರ ಅಕ್ಟೋಬರ್ ಮಧ್ಯದಲ್ಲಿ. ಮೊದಲ ಅಧ್ಯಾಯದಲ್ಲಿ ಪತ್ರಿಕೆಯಲ್ಲಿ ಬಂದ ಮರಣವಾರ್ತೆಯ ಪ್ರಕಾರ ಅವನು ಸತ್ತದ್ದು 1882ರ ಫೆಬ್ರವರಿ 4. ಹೊಸ ಮನೆಯಲ್ಲಿ ಅವನು ಬದುಕಿದ್ದು ಹದಿನಾರು ತಿಂಗಳೂ ಇಲ್ಲ. ಅದರಲ್ಲಿ ಕಾಯಿಲೆಯ ತಿಂಗಳುಗಳನ್ನು ಕಳೆಯಿರಿ. ಆ “ಎಲ್ಲವೂ ಚೆನ್ನಾಗಿತ್ತು” ಎನ್ನುವ ಕಾಲ ಹೆಚ್ಚೆಂದರೆ ಒಂದು ವರ್ಷ.

ಅದು ಬಹಳ ವರ್ಷವೆಂದು ಅನ್ನಿಸಲು ಕಾರಣ ಕ್ರಿಯಾಪದ. ಒಂಬತ್ತಕ್ಕೆ ಏಳುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಪತ್ರಿಕೆ ಓದುತ್ತಿದ್ದ, ಸಮವಸ್ತ್ರ ತೊಟ್ಟು ನ್ಯಾಯಾಲಯಕ್ಕೆ ಹೋಗುತ್ತಿದ್ದ. ನೂರು ದಿನವನ್ನು ಒಂದು ದಿನವಾಗಿ ಹೇಳುವ ಬಗೆ ಇದು. ಇದರಲ್ಲಿ ಕಾಲ ಎಷ್ಟು ಕಳೆಯಿತು ಎಂದು ಅಳೆಯಲಾಗುವುದಿಲ್ಲ. ಓದುತ್ತಿರುವಾಗ ಓಡಿದಂತೆ ಅನ್ನಿಸುವುದಿಲ್ಲ, ನಿಧಾನವಾಗಿಯೇ ಸಾಗುತ್ತದೆ, ಆದರೆ ಮುಗಿದಾಗ ಒಂದು ಜೀವಮಾನವೇ ಸರಿದಂತಿರುತ್ತದೆ. ಸಂಗ್ರಹ ಅಂದರೆ ವೇಗ ಎಂದು ನೀವು ಮೊದಲು ಬರೆದದ್ದಕ್ಕೆ ನನ್ನ ಆಕ್ಷೇಪವಿರುವುದು ಇಲ್ಲೇ. “ಹದಿನೇಳು ವರ್ಷ ಹೀಗೆ ಬಾಳಿದ” ಎಂಬುದೂ ಸಂಗ್ರಹ, “ದಿನವೂ ಒಂಬತ್ತಕ್ಕೆ ಏಳುತ್ತಿದ್ದ” ಎಂಬುದೂ ಸಂಗ್ರಹ. ಮೊದಲನೆಯದು ಕಾಲವನ್ನು ದಾಟಿಸುತ್ತದೆ, ಎರಡನೆಯದು ಕಾಲವನ್ನು ಅಳಿಸುತ್ತದೆ.

ಹಳೆಯ ಉಪನ್ಯಾಸಕ

ಆ ಅಭ್ಯಾಸದ ಕಾಲದ ನಡುವೆ ಒಂದೇ ಒಂದು ಸಲ ನಡೆದದ್ದು ಬರುತ್ತದೆ: ನೃತ್ಯಕೂಟ. ಎಲ್ಲ ಚೆನ್ನಾಗಿ ನಡೆದರೂ ಕೇಕು, ಸಿಹಿತಿಂಡಿಗಳ ವಿಷಯಕ್ಕೆ ಗಂಡ ಹೆಂಡತಿಗೆ ಭಾರಿ ಜಗಳ. ಅವನು ದುಬಾರಿ ಅಂಗಡಿಯಿಂದಲೇ ತರಿಸಬೇಕೆಂದು ಹಟ ಹಿಡಿದ, ಬಹಳಷ್ಟು ಉಳಿಯಿತು, ಬಿಲ್ಲು 45 ರೂಬಲ್ ಆಯಿತು. ಅವಳು ಅವನನ್ನು ಮೂರ್ಖ ಎಂದಳು, ಅವನು ತಲೆ ಹಿಡಿದುಕೊಂಡು ವಿಚ್ಛೇದನದ ಮಾತೆತ್ತಿದ. ಇಷ್ಟು ಹೇಳಿ “ಕೂಟ ಮಾತ್ರ ಸೊಗಸಾಗಿತ್ತು” ಎಂದು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಇದು ದೃಶ್ಯ. ಮೊತ್ತವಿದೆ, ಬೈಗುಳವಿದೆ, ಕೈಯ ಸನ್ನೆಯೂ ಇದೆ.

ಕರಡುಪ್ರತಿ

ಸರ್, ದೃಶ್ಯವೆಂದರೆ ಮಾತಿಗೆ ಮಾತು ಬರಬೇಕಲ್ಲವೇ? ಇಲ್ಲಿ ಅವರು ಜಗಳದ ಮುಂದೆ ನಮ್ಮನ್ನು ನಿಲ್ಲಿಸಿಲ್ಲ. ಜಗಳ ಮುಗಿದ ಮೇಲೆ ಯಾರೋ ಹೇಳಿದಂತಿದೆ. 45 ರೂಬಲ್ ಎಂಬ ಲೆಕ್ಕ ಇದೆ ಎಂದ ಮಾತ್ರಕ್ಕೆ ದೃಶ್ಯ ಆಗುವುದಿಲ್ಲ.

ಹಳೆಯ ಉಪನ್ಯಾಸಕ

ಮಾತಿಗೆ ಮಾತು ಇದ್ದರೆ ಮಾತ್ರ ದೃಶ್ಯ ಎಂದರೆ ನಾಟಕವೊಂದೇ ಉಳಿಯುತ್ತದೆ. ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ಸನ್ನೆ, ಅದು ಕಣ್ಣಿಗೆ ಕಟ್ಟಿದರೆ ಸಾಕು ಎನ್ನುವವನು ನಾನು. ಈ ವಿಷಯದಲ್ಲಿ ನಾವು ಒಪ್ಪುವುದು ಕಷ್ಟ.

ತುಂಗಾತೀರ

ನಾನು ಬಹಳ ದಿನಗಳಿಂದ ಒಂದು ಕಿರುಕಾದಂಬರಿ ಬರೆಯುತ್ತಿದ್ದೇನೆ. ಇದನ್ನು ಓದುತ್ತ ನನ್ನ ತೊಡಕು ಎಲ್ಲಿದೆ ಎಂದು ಸ್ವಲ್ಪ ಹೊಳೆದಂತಾಗಿದೆ, ಹಾಗಾಗಿ ಕೇಳುತ್ತಿದ್ದೇನೆ. ಕಥೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯದು. ಎರಡನೆಯ ಅಧ್ಯಾಯದಲ್ಲಿ ತಂಗಿಯ ಮದುವೆ ತಯಾರಿಯ ಗಡಿಬಿಡಿ. ಆಗ ಭಾವಮೈದುನ ಆಗುವವನ ಸಾಲಕ್ಕೆ ಅಣ್ಣ ಜಾಮೀನು ಸಹಿ ಹಾಕುತ್ತಾನೆ. ಐದು ವರ್ಷದ ಮೇಲೆ ತೋಟ ಹೋಗುವುದು ಆ ಸಹಿಯಿಂದ. ಸಹಕಾರ ಸಂಘದ ಕಚೇರಿ, ಫ್ಯಾನಿನ ಸದ್ದು, ಕಾರ್ಯದರ್ಶಿಯ ಕನ್ನಡಕ, ನಡುಗುವ ಪೆನ್ನು ಎಂದು ಐದು ಪುಟದ ದೃಶ್ಯ ಬರೆದಿದ್ದೆ. ಓದಿದವರೆಲ್ಲ “ತೋಟ ಹೋಗುತ್ತದೆ ಅಲ್ಲವೇ” ಎಂದು ಅಲ್ಲೇ ಹೇಳಿದರು. ಹಾಗೆಂದು ಒಂದು ಸಾಲಿಗೆ ಇಳಿಸಿದೆ:

“ಮರುದಿನ ಅವನು ಸಂಘಕ್ಕೆ ಹೋಗಿ ಜಾಮೀನಿಗೆ ಸಹಿ ಹಾಕಿ ಬಂದ.”

ಈಗ ಮುಂದಿನ ಅಧ್ಯಾಯದಲ್ಲಿ ನೋಟಿಸ್ ಬಂದಾಗ “ಯಾವ ಜಾಮೀನು, ಎಲ್ಲಿ ಬಂತು?” ಎಂದು ಕೇಳುತ್ತಾರೆ. ಎರಡೂ ಕಡೆ ಸೋತಿದೆ.

ಪುಟಗುರುತು

ಸಾಲು ಗಿಡ್ಡವಾದದ್ದು ತೊಂದರೆಯಲ್ಲ, ಅದು ಒಂಟಿಯಾಗಿ ನಿಂತಿದೆ. “ಮರುದಿನ” ಎಂದು ಶುರುವಾಗಿ ಅದರಲ್ಲಿ ಜಾಮೀನು ಒಂದೇ ಇದೆ. ಅಂಥ ವಾಕ್ಯವನ್ನು ಓದುಗರು ಒಂದೋ ಸಂಶಯದಿಂದ ನೋಡುತ್ತಾರೆ, ಇಲ್ಲವೇ ದಾಟಿ ಮರೆಯುತ್ತಾರೆ. ಟಾಲ್‌ಸ್ಟಾಯ್ ಏಣಿಯನ್ನು ಒಂದು ದೊಡ್ಡ ಕೆಲಸದ ಒಳಗೆ ಹೊಲಿದಿದ್ದಾರೆ. ಏಣಿ ಹತ್ತಿದ್ದೇ ಪರದೆಗಾಗಿ, ಪರದೆ ಬೇಕಿದ್ದದ್ದು ಮನೆಗಾಗಿ. ನಿಮ್ಮ ಸಹಿಯೂ ಮದುವೆಯ ಓಡಾಟದಲ್ಲೇ ಬರಲಿ. ಹೀಗೆ ಪ್ರಯತ್ನಿಸಿ:

“ಆ ವಾರ ಶಿವಮೊಗ್ಗಕ್ಕೆ ಎರಡು ಸಲ ಹೋಗಿಬಂದ. ಮದುವೆಮನೆಯ ಪಾತ್ರೆಗೆ ಮುಂಗಡ ಕೊಟ್ಟ, ಅಡುಗೆ ಭಟ್ಟರಿಗೆ ವೀಳ್ಯ ಕೊಟ್ಟು ಒಪ್ಪಿಸಿದ. ಬರುವ ದಾರಿಯಲ್ಲಿ ಸಂಘದ ಕಚೇರಿ ಮುಚ್ಚುವ ಹೊತ್ತಾಗಿದ್ದರಿಂದ ಕೂರದೆಯೇ ಜಾಮೀನು ಕಾಗದಕ್ಕೆ ಸಹಿ ಹಾಕಿ, ಕೊನೆಯ ಬಸ್ಸಿಗೆ ಓಡಿದ. ಚಪ್ಪರಕ್ಕೆ ಅಡಿಕೆ ದಬ್ಬೆ ಸಾಲದೆ ಪಕ್ಕದ ತೋಟದಿಂದ ತರಿಸಬೇಕಾಯಿತು.”

ಇಲ್ಲಿ ಅವನ ಆತಂಕ ಬಸ್ಸಿನದು. ಆದ್ದರಿಂದ ವೇಗವೂ ಬಸ್ಸಿನದು. “ಕೂರದೆಯೇ” ಎಂಬುದು ನಿಮ್ಮ ಐದು ಪುಟದ ಕಚೇರಿಯಲ್ಲಿ ಉಳಿಸಿಕೊಳ್ಳಬೇಕಾದ ಒಂದೇ ವಿವರ ಎಂದು ನನ್ನ ಅನಿಸಿಕೆ, ಕಾಗದ ಓದಿಲ್ಲ ಎಂಬುದನ್ನು ಅದು ಹೇಳುತ್ತದೆ. ಆದರೆ ಇಷ್ಟಕ್ಕೇ ಬಿಟ್ಟರೆ ಮತ್ತೆ ಮರೆತುಹೋಗುತ್ತದೆ. ಎರಡನೆಯ ಸ್ಪರ್ಶ ಬೇಕು, ನಿಮ್ಮ ಚಹಾದ ಹೊತ್ತು ಬೇಕು. ಮದುವೆ ಮುಗಿದ ರಾತ್ರಿ ಲೆಕ್ಕ ಹಾಕುತ್ತ ಕುಳಿತಾಗ ಅಮ್ಮನೋ ಅತ್ತಿಗೆಯೋ ನೂರೆಂಟು ಮಾತುಗಳ ನಡುವೆ ಅದನ್ನು ಕೇಳಲಿ, ಅವನು ಬಸ್ಸಿಗೆ ಓಡಿದ ಕಥೆಯನ್ನು ನಗುತ್ತ ಹೇಳಲಿ. ಅಲ್ಲಿ ಮಾತುಗಳನ್ನು ಪೂರ್ತಿ ಬರೆಯಿರಿ.

ತುಂಗಾತೀರ

ಅತ್ತಿಗೆ ಕೇಳುತ್ತಾಳೆ, ಅವಳಿಗೆ ಓದು ಬರಹ ಚೆನ್ನಾಗಿ ಗೊತ್ತು. ಆದರೆ ಅವಳು ಕೇಳಿದರೆ “ಎಷ್ಟು ಮೊತ್ತಕ್ಕೆ?” ಎಂದು ಕೇಳದೆ ಬಿಡುವವಳಲ್ಲ. ಮೊತ್ತ ಬಂದರೆ ಗುಟ್ಟು ಮತ್ತೆ ಹೊರಬೀಳುತ್ತದೆ.

ಹಳೆಯ ಉಪನ್ಯಾಸಕ

ಹಾಗಿದ್ದರೆ ಕೇಳಲಿ, ಅವನು ಮೊತ್ತ ಹೇಳಲಿ. ಎಲ್ಲವನ್ನೂ ಅಡಗಿಸಲು ಹೋಗಬೇಡಿ. ಏಣಿಯ ವಿಷಯದಲ್ಲೂ ಯಾವ ಸಂಗತಿಯನ್ನೂ ಮುಚ್ಚಿಟ್ಟಿಲ್ಲ, ಎಲ್ಲಿ ತಾಗಿತು ಎಂಬುದನ್ನೂ ಹೇಳಿದ್ದಾರೆ. ಮುಚ್ಚಿಟ್ಟದ್ದು ಅದರ ತೂಕವನ್ನು. ಹೇಗಿದ್ದರೂ ಮದುವೆಯ ಲೆಕ್ಕ ಹಾಕುತ್ತಿರುವ ರಾತ್ರಿ. ಛತ್ರ, ದಿನಸಿ, ಬಂಗಾರ ಎಂದು ಹತ್ತು ಮೊತ್ತಗಳು ಬರುತ್ತವೆ, ಇದು ಹನ್ನೊಂದನೆಯದು.

ಕರಡುಪ್ರತಿ

ಈ ಸಲಹೆ ನನಗೂ ಬೇಕಿತ್ತು. ಒಂದು ಪ್ರಶ್ನೆ ಉಳಿದಿದೆ. ಪ್ರಸ್ಕೋವ್ಯಾ ಚಹಾದ ಹೊತ್ತಿನಲ್ಲಿ ಬಿದ್ದದ್ದರ ಬಗ್ಗೆ ಕೇಳುತ್ತಾಳೆ ಎಂದಿರಿ. ಅವಳು ಆಗಷ್ಟೇ ರೈಲಿಳಿದು ಬಂದಿದ್ದಾಳೆ. ಅವಳಿಗೆ ಹೇಗೆ ಗೊತ್ತಾಯಿತು?

ಪುಟಗುರುತು

ಕಾಗದದಲ್ಲಿ ಬರೆದಿರಬೇಕು, ಹದಿನೈದು ವರ್ಷ ಚಿಕ್ಕವನಾದೆ ಎಂದು ಬರೆದ ಹಾಗೆಯೇ. ಆ ಕಾಗದವನ್ನು ನಮಗೆ ತೋರಿಸಿಲ್ಲ. ಹೆಸರಿಲ್ಲದ, ದಿನಾಂಕವಿಲ್ಲದ ಇನ್ನೊಂದು ಜಿಗಿತ ಅದು. ಅವನು ತಾನಾಗಿಯೇ ಬರೆದ ಎಂದರೆ ಆ ಪೆಟ್ಟು ಅವನ ಮನಸ್ಸಿನಲ್ಲಿ ಅಷ್ಟು ಸಣ್ಣದಾಗಿರಲಿಲ್ಲವೇನೋ.

ಓದುಮನೆ

ಹಾಗಾದರೆ ನಿಮ್ಮ ಲೆಕ್ಕದ ಪುಸ್ತಕದ ವಾದ ಅಲ್ಲಾಡುತ್ತದೆ. ಅವನಿಗೆ ಮುಖ್ಯವಲ್ಲದ್ದಾಗಿದ್ದರೆ ಹೆಂಡತಿಗೆ ಯಾಕೆ ಬರೆಯುತ್ತಿದ್ದ?

ಪುಟಗುರುತು

ಶೌರ್ಯ ತೋರಿಸಿಕೊಳ್ಳಲು ಬರೆದ ಎನ್ನಬಹುದು, ಚಹಾದ ಹೊತ್ತಿನ ದನಿ ಹಾಗೆಯೇ ಇದೆ. ಒಳಗೆ ಸಣ್ಣ ಅಳುಕಿತ್ತು, ಅದಕ್ಕೇ ಬರೆದ ಎಂದೂ ಹೇಳಬಹುದು. ಅಧ್ಯಾಯ ಎರಡಕ್ಕೂ ಬಾಗಿಲು ತೆರೆದಿಟ್ಟಿದೆ. ನನ್ನ ಓದು ಮೊದಲನೆಯ ಕಡೆಗೆ.

ರಾತ್ರಿಪಾಳಿ

ನನ್ನದು ಎರಡನೆಯ ಕಡೆಗೆ. ನೋವಿರುವವರು ಅದನ್ನು ಮೊದಲು ತಮಾಷೆ ಮಾಡಿಯೇ ಹೇಳುವುದು. “ಮುಟ್ಟಿದರೆ ನೋವು” ಎಂದು ಹೇಳಬೇಕಾದರೆ ಅವನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಿರಬೇಕು. ಆ ವಾರಗಳಲ್ಲಿ ಅವನು ಒಬ್ಬನೇ ಆ ಮನೆಯಲ್ಲಿದ್ದ. ಟಾಲ್‌ಸ್ಟಾಯ್ ದಾಟಿಸಿಬಿಟ್ಟದ್ದು ಅದನ್ನು ಎಂದು ನನಗೆ ಅನ್ನಿಸುತ್ತದೆ.